ತುಂಬಿದ ಪೈಪಿನ ತೂಕ: ಕೊಳವೆಬಾವಿಯ ಲೆಕ್ಕದಲ್ಲಿ ನೆಲೆಯೂರಿದ ಕೆಲವು ತಪ್ಪು ಕಲ್ಪನೆಗಳು

ಒಂದಿಂಚಿನ ಪೈಪಿಗಿಂತ ಎರಡಿಂಚಿನ ಪೈಪಿನಲ್ಲಿ ಎರಡು ಪಟ್ಟು ನೀರು ಹಿಡಿಯುತ್ತದೆ ಎಂಬುದು ಪೈಪು ಕೊಳ್ಳುವವರಲ್ಲಿಯೂ ಕೂರಿಸುವವರಲ್ಲಿಯೂ ಸಾಮಾನ್ಯವಾಗಿರುವ ನಂಬಿಕೆ. ವಾಸ್ತವದಲ್ಲಿ ಅದು ನಾಲ್ಕು ಪಟ್ಟು ಹಿಡಿಯುತ್ತದೆ. ಏಕೆಂದರೆ ಪೈಪಿನೊಳಗಿನ ನೀರು ಒಂದು ಉರುಳೆಯ ಆಕಾರದಲ್ಲಿದ್ದು, ಅದರ ಗಾತ್ರವನ್ನು ನಿರ್ಧರಿಸುವುದು ಪೈಪನ್ನು ಅಡ್ಡಲಾಗಿ ಕೊಯ್ದಾಗ ಕಾಣುವ ವೃತ್ತದ ವಿಸ್ತೀರ್ಣ, ಮತ್ತು ಆ ವಿಸ್ತೀರ್ಣವು ವ್ಯಾಸದ ವರ್ಗಕ್ಕೆ, ಅಂದರೆ ವ್ಯಾಸವನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ಅನುಗುಣವಾಗಿ ಬೆಳೆಯುತ್ತದೆ. ಒಳವ್ಯಾಸವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು 0.0785ರಿಂದ ಗುಣಿಸಿದರೆ ಒಂದು ಮೀಟರ್ ಉದ್ದದ ಪೈಪು ಎಷ್ಟು ಲೀಟರ್ ಹಿಡಿಯುತ್ತದೆಂಬುದು ತಿಳಿಯುತ್ತದೆ. 5 ಸೆಂಟಿಮೀಟರ್ ಒಳವ್ಯಾಸದ ಪೈಪಿಗೆ ಅದು 1.96 ಲೀಟರ್, 10 ಸೆಂಟಿಮೀಟರ್ ಪೈಪಿಗೆ 7.85 ಲೀಟರ್. ಇಂಚಿನಲ್ಲಿಯೇ ಯೋಚಿಸುವ ರೂಢಿಯಿರುವವರಿಗೆ ಇನ್ನೂ ಸುಲಭವಾದ ದಾರಿಯಿದೆ: ಒಳವ್ಯಾಸದ ಇಂಚುಗಳ ವರ್ಗವನ್ನು ಅರ್ಧ ಮಾಡಿದರೆ ಮೀಟರಿಗೆ ಇಷ್ಟು ಲೀಟರ್ ಎಂಬ ಅಂದಾಜು ಸಿಗುತ್ತದೆ. ನೀರಿನ ಒಂದು ಲೀಟರ್ ಒಂದು ಕಿಲೋಗ್ರಾಂ ತೂಗುವುದರಿಂದ ಅದೇ ಸಂಖ್ಯೆ ತೂಕವೂ ಆಗುತ್ತದೆ.

ಈ ಸೂತ್ರ ತಪ್ಪುವುದು ಗುಣಾಕಾರದಲ್ಲಲ್ಲ, ಯಾವ ವ್ಯಾಸವನ್ನು ಹಾಕಬೇಕೆಂಬಲ್ಲಿ. ಪೈಪಿನ ಮೇಲೆ ಮುದ್ರಿತವಾದ ಅಥವಾ ಅಂಗಡಿಯವರು ಹೇಳುವ ಅಳತೆಯೇ ಒಳವ್ಯಾಸವೆಂದು ಭಾವಿಸುವುದು ಎರಡನೆಯ ತಪ್ಪು. ಎರಡಿಂಚಿನ ಜಿಐ ಪೈಪು ಎಂಬುದು ಒಂದು ಹೆಸರು ಮಾತ್ರ: ಅದರ ಹೊರವ್ಯಾಸ ಸುಮಾರು 60.3 ಮಿಲಿಮೀಟರ್, ಮಧ್ಯಮ ದರ್ಜೆಯಲ್ಲಿ ಗೋಡೆಯ ದಪ್ಪ 3.6 ಮಿಲಿಮೀಟರ್, ಆದ್ದರಿಂದ ಒಳವ್ಯಾಸ 53 ಮಿಲಿಮೀಟರ್‌ನಷ್ಟು. ಪಿವಿಸಿ ಮತ್ತು ಎಚ್‌ಡಿಪಿಇ ಪೈಪುಗಳಲ್ಲಿ ಕ್ರಮವೇ ಬೇರೆ. ಅಲ್ಲಿ 63 ಅಥವಾ 75 ಎಂದು ಮಿಲಿಮೀಟರ್‌ನಲ್ಲಿ ಬರೆದಿರುವುದು ಹೊರವ್ಯಾಸ, ಮತ್ತು ಹೊರವ್ಯಾಸ ಒಂದೇ ಆಗಿದ್ದರೂ ಹೆಚ್ಚು ಒತ್ತಡ ತಾಳುವ ದರ್ಜೆಯ ಪೈಪಿಗೆ ಗೋಡೆ ದಪ್ಪವಾಗಿರುವುದರಿಂದ ಒಳಗಿನ ಜಾಗ ಕಿರಿದಾಗುತ್ತದೆ. 63 ಮಿಲಿಮೀಟರಿನ ಎಚ್‌ಡಿಪಿಇ ಪೈಪು 16ರ ಒತ್ತಡದ ದರ್ಜೆಯದಾಗಿದ್ದು, ಗೋಡೆ 5.8 ಮಿಲಿಮೀಟರ್ ಇದ್ದರೆ, ಒಳವ್ಯಾಸ 51.4 ಮಿಲಿಮೀಟರ್ ಆಗಿ ಮೀಟರಿಗೆ 2.07 ಲೀಟರ್ ಹಿಡಿಯುತ್ತದೆ. 63ನ್ನೇ ಒಳವ್ಯಾಸವೆಂದು ಹಾಕಿದವರಿಗೆ 3.12 ಲೀಟರ್ ಎಂಬ, ಒಂದೂವರೆ ಪಟ್ಟು ಹೆಚ್ಚಿನ, ಉತ್ತರ ಬರುತ್ತದೆ. ಸಂದೇಹವಿದ್ದಾಗ ಪೈಪಿನ ತುದಿಯಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯುವುದು ಒಳ್ಳೆಯದು. ಅದಿಲ್ಲದಿದ್ದರೆ ಒಂದು ಮೀಟರ್ ತುಂಡಿನ ಒಂದು ಬಾಯಿ ಮುಚ್ಚಿ, ಅದರಲ್ಲಿ ನೀರು ತುಂಬಿ, ಅಳತೆಯ ಪಾತ್ರೆಗೆ ಸುರಿದು ನೋಡಿದರೂ ಸಾಕು.

ತುಂಬಿದ ಪೈಪಿನ ತೂಕವೆಂದರೆ ಪೈಪಿನ ತೂಕ ಮತ್ತು ಒಳಗಿನ ನೀರಿನ ತೂಕ ಇವೆರಡರ ಮೊತ್ತ. ನೆಲದ ಮೇಲೆ ಅಥವಾ ಸೂರಿನಡಿ ಅಡ್ಡಲಾಗಿ ಹಾಯ್ದ ಪೈಪಿಗೆ ಈ ಮಾತು ಹಾಗೆಯೇ ಅನ್ವಯಿಸುತ್ತದೆ, ಅಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಕೊಳವೆಬಾವಿಯೊಳಗೆ ಸಬ್‌ಮರ್ಸಿಬಲ್ ಪಂಪನ್ನು ಹೊತ್ತು ನೇರವಾಗಿ ತೂಗುವ ಪೈಪಿನ ವಿಷಯದಲ್ಲಿ ಮಾತ್ರ ಇದೇ ಲೆಕ್ಕವನ್ನು ಕಣ್ಣುಮುಚ್ಚಿ ಮಾಡಿದರೆ ತಪ್ಪು ಉತ್ತರ ಬರುತ್ತದೆ, ಮತ್ತು ಕ್ಲಾಂಪು, ಸರಪಳಿ, ಪೈಪಿನ ಮರೆಗಳು ಎಷ್ಟು ಭಾರ ಹೊರುತ್ತಿವೆ ಎಂಬುದು ಜೀವಹಾನಿಯ ಪ್ರಶ್ನೆಯಾಗಿರುವ ಜಾಗವೂ ಅದೇ.

ನೆಲದ ಮಟ್ಟದಿಂದ 180 ಮೀಟರ್ ಆಳಕ್ಕೆ, ಅಂದರೆ ಆರಾರು ಮೀಟರಿನ 30 ಲೆಂತುಗಳಲ್ಲಿ, ಮಧ್ಯಮ ದರ್ಜೆಯ ಎರಡಿಂಚಿನ ಜಿಐ ಪೈಪು ಇಳಿಸಿದ ಬಾವಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ನೀರು ನೆಲದಿಂದ 120 ಮೀಟರ್ ಕೆಳಗೆ ನಿಂತಿದೆ ಎಂದಿಟ್ಟುಕೊಳ್ಳೋಣ. ಸಾಕೆಟ್ಟುಗಳನ್ನೂ ಸೇರಿಸಿ ಈ ಪೈಪು ಮೀಟರಿಗೆ ಸುಮಾರು 5.1 ಕಿಲೋಗ್ರಾಂ ತೂಗುತ್ತದೆ, ಒಳಗಿನ ನೀರು 2.2 ಕಿಲೋಗ್ರಾಂ. ಎರಡನ್ನೂ ಕೂಡಿಸಿ 180ರಿಂದ ಗುಣಿಸಿದವರು 1,314 ಕಿಲೋಗ್ರಾಂ ಎನ್ನುತ್ತಾರೆ. ಈ ಮೊತ್ತ ನಿಜಕ್ಕಿಂತ ಹೆಚ್ಚು. ನೀರಿನಲ್ಲಿ ಮುಳುಗಿರುವ ಕೆಳಗಿನ 60 ಮೀಟರಿನಲ್ಲಿ ಒಳಗಿನ ನೀರನ್ನು ಹೊರಗಿನ ನೀರೇ ಸರಿದೂಗಿಸುವುದರಿಂದ ಅದರ ಭಾರ ಮೇಲಿನ ಕ್ಲಾಂಪಿಗೆ ತಟ್ಟುವುದಿಲ್ಲ. ಜೊತೆಗೆ ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆ ಎಂಬ ಆರ್ಕಿಮಿಡೀಸನ ನಿಯಮದಂತೆ ಅಷ್ಟು ಉದ್ದದ ಉಕ್ಕೂ 39 ಕಿಲೋಗ್ರಾಂ ಕಳೆದುಕೊಳ್ಳುತ್ತದೆ. ಹೀಗೆ ಉಳಿಯುವುದು ಪೈಪಿನ 879 ಕಿಲೋಗ್ರಾಂ ಮತ್ತು ನೀರಿನ ಮಟ್ಟಕ್ಕಿಂತ ಮೇಲಿರುವ 120 ಮೀಟರ್ ನೀರಿನ 264 ಕಿಲೋಗ್ರಾಂ, ಒಟ್ಟು 1,143. ಪಂಪು, ಮೋಟರು ಮತ್ತು ಕೇಬಲ್ಲಿನ ತೂಕ ಇದರ ಮೇಲೆ ಬೇರೆ.

ಈ 264 ಕಿಲೋಗ್ರಾಂ ಇರುವುದೋ ಇಲ್ಲವೋ ಎಂಬುದು ಪಂಪಿನ ಬಾಯಲ್ಲಿರುವ ನಾನ್-ರಿಟರ್ನ್ ವಾಲ್ವಿನ ಮೇಲೆ, ಅಂದರೆ ನೀರನ್ನು ಮೇಲಕ್ಕೆ ಮಾತ್ರ ಬಿಟ್ಟು ಕೆಳಕ್ಕೆ ತಡೆಯುವ ಕವಾಟದ ಮೇಲೆ, ನಿಂತಿದೆ. ಮೋಟರು ನಿಂತ ಕೂಡಲೇ ನೀರೆಲ್ಲ ಕೆಳಗಿಳಿದುಹೋಗುತ್ತದೆ ಎಂದು ತಿಳಿದು ಬರಿ ಪೈಪಿನ ತೂಕಕ್ಕೆ ತಕ್ಕ ಸರಪಳಿ ಕಟ್ಟುವುದುಂಟು. ವಾಲ್ವು ಸರಿಯಿದ್ದರೆ ನೀರು ತಿಂಗಳುಗಟ್ಟಲೆ ಅಲ್ಲಿಯೇ ನಿಂತಿರುತ್ತದೆ. ಪೈಪು ಎತ್ತುವಾಗ ಮೇಲಿನ ಮೊದಲ ಲೆಂತನ್ನು ಬಿಚ್ಚಿದೊಡನೆ ಅದರೊಳಗಿದ್ದ ಸುಮಾರು 13 ಲೀಟರ್ ನೀರು ಚೆಲ್ಲಿದರೆ ವಾಲ್ವು ಹಿಡಿದಿದೆಯೆಂದೇ ಅರ್ಥ. ಮೊದಲ ಕೆಲವು ಲೆಂತುಗಳು ಒಣಗಿ ಬಂದು, ಆಮೇಲಿನ ಒಂದರಿಂದ ನೀರು ಚೆಲ್ಲತೊಡಗಿದರೆ ಆ ಮಟ್ಟದಲ್ಲಿ ಪೈಪು ತೂತಾಗಿರುವ ಅಥವಾ ಸಾಕೆಟ್ಟು ಸೋರುತ್ತಿರುವ ಸಂಭವ ಹೆಚ್ಚು, ಏಕೆಂದರೆ ತೂತಿನ ಮೇಲಿನ ನೀರು ಮಾತ್ರ ಹೊರಗೆ ಸೋರಿಹೋಗಿ ಕೆಳಗಿನದು ಉಳಿದಿರುತ್ತದೆ. ಕೊನೆಯವರೆಗೂ ಒಣ ಪೈಪೇ ಬಂದರೆ ವಾಲ್ವನ್ನು ಬಿಚ್ಚಿ ನೋಡಬೇಕು.

ಇಲ್ಲಿ ಸಾಮಾನ್ಯ ಬುದ್ಧಿಗೆ ಎದುರಾಗಿ ಕಾಣುವ ಒಂದು ಸಂಗತಿಯಿದೆ. ಲೆಂತಿಗೆ 13 ಲೀಟರ್ ನೀರು ಚೆಲ್ಲುತ್ತಾ ಹೋದರೂ ಮೊದಲ ಹತ್ತು ಲೆಂತುಗಳವರೆಗೆ ಸರಪಳಿಯ ಮೇಲಿನ ನೀರಿನ ಭಾರ ಒಂದಿಷ್ಟೂ ಇಳಿಯುವುದಿಲ್ಲ. ಏಕೆಂದರೆ ಮೇಲಿನಿಂದ ಆರು ಮೀಟರ್ ಕಳೆದಂತೆ ಕೆಳಗಿನಿಂದ ಆರು ಮೀಟರ್ ಪೈಪು ಬಾವಿಯ ನೀರಿನಿಂದ ಹೊರಬಂದು, ಅದುವರೆಗೆ ಹೊರಗಿನ ನೀರಿನ ಆಸರೆಯಲ್ಲಿದ್ದ ಒಳಗಿನ ನೀರು ಈಗ ಪೈಪಿನ ಮೇಲೆಯೇ ಬೀಳುತ್ತದೆ. ಅಷ್ಟರವರೆಗೆ ಪ್ರತಿ ಲೆಂತಿಗೆ ಕಡಿಮೆಯಾಗುವುದು ಉಕ್ಕಿನ 27 ಕಿಲೋಗ್ರಾಂ ಮಾತ್ರ. ಪಂಪು ನೀರಿನಿಂದ ಮೇಲೆದ್ದ ನಂತರವೇ ಲೆಂತಿಗೆ 44 ಕಿಲೋಗ್ರಾಂನಂತೆ ಭಾರ ಇಳಿಯತೊಡಗುತ್ತದೆ.

ಪಂಪು ಓಡುತ್ತಿರುವಾಗ ನೀರನ್ನು ಹೊರುವುದು ಮೋಟರು, ಪೈಪಿಗೆ ಅದರ ಭಾರವಿಲ್ಲ ಎಂಬ ವಾದವೂ ಕೇಳಿಬರುತ್ತದೆ. ನೀರನ್ನು ಮೇಲಕ್ಕೆ ತಳ್ಳುವ ಇಂಪೆಲ್ಲರುಗಳು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳಲ್ಪಡುತ್ತವೆ. ಆ ಬಲ ಮೋಟರಿನ ತಳದ ಥ್ರಸ್ಟ್ ಬೇರಿಂಗಿಗೆ ಇಳಿದು, ಅಲ್ಲಿಂದ ಮೋಟರಿನ ಕವಚಕ್ಕೆ ಹೋಗಿ, ಕವಚ ತೂಗಿರುವುದು ಪೈಪಿನಿಂದಲೇ ಆದ್ದರಿಂದ ಕೊನೆಗೆ ಪೈಪಿಗೇ ಮರಳುತ್ತದೆ. ಅಷ್ಟೇ ಅಲ್ಲ, ಓಡುವಾಗ ಬಾವಿಯ ನೀರಿನ ಮಟ್ಟ ಕುಸಿಯುತ್ತದೆ. ಮೇಲಿನ ಬಾವಿಯಲ್ಲಿ ಅದು 120ರಿಂದ 150 ಮೀಟರಿಗೆ ಇಳಿದರೆ ಹೊರಗಿನ ಆಸರೆಯಿಲ್ಲದ ನೀರು 330 ಕಿಲೋಗ್ರಾಂ ಆಗಿ, ಒಟ್ಟು ಭಾರ 1,230ರ ಹತ್ತಿರ ಹೋಗುತ್ತದೆ. ಕ್ಲಾಂಪನ್ನು ಆರಿಸಬೇಕಾದುದು ಈ ಹೆಚ್ಚಿನ ಸಂಖ್ಯೆಯನ್ನು ನೋಡಿ.

ದೊಡ್ಡ ಪೈಪು ಹಾಕಿದರೆ ಹೆಚ್ಚು ನೀರಿನ ತೂಕ ಬಿದ್ದು ಮೋಟರಿಗೆ ಭಾರವಾಗುತ್ತದೆ ಎಂಬ ನಂಬಿಕೆ ತೂಕವನ್ನೂ ಒತ್ತಡವನ್ನೂ ಒಂದೆಂದು ಭಾವಿಸುವುದರಿಂದ ಹುಟ್ಟಿದ್ದು. ಒತ್ತಡವೆಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಬಲ, ಮತ್ತು ಅದನ್ನು ನಿರ್ಧರಿಸುವುದು ನೀರಿನ ಎತ್ತರವೇ ಹೊರತು ಪೈಪಿನ ಅಗಲವಲ್ಲ: ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂನಂತೆ, 150 ಮೀಟರಿಗೆ 15, ಪೈಪು ಒಂದೂಕಾಲಿಂಚಿನದಾಗಿರಲಿ ಮೂರಿಂಚಿನದಾಗಿರಲಿ. ನೀರು ಹರಿಯುವಾಗ ಗೋಡೆಯ ಘರ್ಷಣೆಯಿಂದಾಗುವ ನಷ್ಟ ದೊಡ್ಡ ಪೈಪಿನಲ್ಲಿ ಕಡಿಮೆಯಾಗುವುದರಿಂದ ಅಷ್ಟೇ ನೀರನ್ನು ಎತ್ತಲು ಪಂಪು ಎದುರಿಸಬೇಕಾದ ಒತ್ತಡ ತಗ್ಗುತ್ತದೆ. ಭಾರ ಹೆಚ್ಚುವುದು ಕ್ಲಾಂಪಿಗೆ, ಸರಪಳಿಗೆ ಮತ್ತು ಮೇಲಿನ ಲೆಂತಿನ ಮರೆಗಳಿಗೆ.

ಎಚ್‌ಡಿಪಿಇ ಪೈಪು ಹಗುರ, ಆದ್ದರಿಂದ ಹಗ್ಗ ಸಾಕು ಎಂಬುದು ಇವೆಲ್ಲಕ್ಕಿಂತ ಅಪಾಯಕಾರಿಯಾದ ಕಲ್ಪನೆ. ಮೊದಲು ಹೇಳಿದ 63 ಮಿಲಿಮೀಟರಿನ ಪೈಪು ಮೀಟರಿಗೆ ಒಂದು ಕಿಲೋಗ್ರಾಂನಷ್ಟೇ ತೂಗುತ್ತದೆ ಎಂಬುದು ನಿಜ, ಆದರೆ ಅದು ಹಿಡಿಯುವ ನೀರು ಅದರ ಎರಡು ಪಟ್ಟು. ಅದೇ ಬಾವಿಗೆ ಅದನ್ನು ಇಳಿಸುವಾಗ ಪಂಪು ನೀರನ್ನು ಮುಟ್ಟುವವರೆಗೆ 120 ಕಿಲೋಗ್ರಾಂ ಮಾತ್ರ ತೂಗುತ್ತದೆ. ಆಮೇಲೆ ಎಷ್ಟು ಇಳಿಸಿದರೂ ಭಾರ ಹೆಚ್ಚುವುದಿಲ್ಲ, ಏಕೆಂದರೆ ಈ ಪ್ಲಾಸ್ಟಿಕ್ಕು ನೀರಿಗಿಂತ ತುಸು ಹಗುರವಾಗಿದ್ದು ಮುಳುಗಿದ ಭಾಗಕ್ಕೆ ತೂಕವೇ ಇರುವುದಿಲ್ಲ, ಮತ್ತು ವಾಲ್ವಿನ ಮೂಲಕ ಒಳನುಗ್ಗುವ ನೀರು ಹೊರಗಿನ ಮಟ್ಟದವರೆಗೆ ಮಾತ್ರ ಏರುತ್ತದೆ. ಪಂಪು ಒಮ್ಮೆ ಓಡಿ ನಿಂತ ಮೇಲೆ ಸ್ಥಿತಿ ಬದಲಾಗುತ್ತದೆ: ಮಟ್ಟಕ್ಕಿಂತ ಮೇಲಿನ 120 ಮೀಟರಿನಲ್ಲಿ 248 ಕಿಲೋಗ್ರಾಂ ನೀರು ಸೇರಿ ಭಾರ 370ರ ಹತ್ತಿರ, ಅಂದರೆ ಇಳಿಸಿದಾಗಿನ ಮೂರು ಪಟ್ಟು, ಆಗಿರುತ್ತದೆ. ಪಂಪು, ಮೋಟರು, ಕೇಬಲ್ಲು ಇದಕ್ಕೆ ಸೇರಿಲ್ಲ. ಈ ಪೈಪು ಬಿಚ್ಚುವ ಜೋಡಣೆಗಳಿಲ್ಲದೆ ಸುರುಳಿಯಾಗಿ ಒಂದೇ ಉದ್ದದಲ್ಲಿ ಬರುವುದರಿಂದ ನಡುವೆ ನೀರು ಚೆಲ್ಲಿ ಹಗುರ ಮಾಡಿಕೊಳ್ಳುವ ಅವಕಾಶವೂ ಇಲ್ಲ. ಇಳಿಸಿದ ಐದಾರು ಜನರೇ ಅದೇ ಹಗ್ಗ ಹಿಡಿದು ಎಳೆಯಲು ನಿಂತರೆ, ಮೊದಲ 60 ಮೀಟರ್ ಪೈಪು ನೆಲದ ಮೇಲೆ ಬಂದು ಬಿದ್ದಿದ್ದರೂ ಅವರ ಕೈಯಲ್ಲಿ ತೂಗುತ್ತಿರುವುದು ಅದೇ 370 ಕಿಲೋಗ್ರಾಂ. ಪಂಪು ನೀರಿನಿಂದ ಹೊರಬಂದ ಮೇಲಷ್ಟೇ ಅದು ಮೀಟರಿಗೆ ಮೂರು ಕಿಲೋಗ್ರಾಂನಂತೆ ಇಳಿಯಲು ಶುರುವಾಗುತ್ತದೆ.