ಸ್ಟ್ಯಾಕ್ ಎಂದರೆ ಬರೀ ತಿರುವುಮುರುವಲ್ಲ

ಸ್ಟ್ಯಾಕ್ ಮತ್ತು ಕ್ಯೂ ಎರಡೂ ದತ್ತಾಂಶವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಆಮೇಲೆ ಒಂದೊಂದಾಗಿ ಹೊರಗೆ ಕೊಡುವ ರಚನೆಗಳು. ಸ್ಟ್ಯಾಕ್‌ನಲ್ಲಿ ಸೇರಿಸುವುದೂ ತೆಗೆಯುವುದೂ ಒಂದೇ ತುದಿಯಲ್ಲಿ ನಡೆಯುತ್ತದೆ. ಆ ತುದಿಯನ್ನು ಟಾಪ್ ಎನ್ನುತ್ತಾರೆ. ಅಲ್ಲಿ ಸೇರಿಸುವುದು ಪುಶ್, ತೆಗೆಯುವುದು ಪಾಪ್. ಕ್ಯೂನಲ್ಲಿ ರಿಯರ್ ಎಂಬ ಹಿಂದಿನ ತುದಿಯಲ್ಲಿ ಸೇರಿಸಿ, ಫ್ರಂಟ್ ಎಂಬ ಮುಂದಿನ ತುದಿಯಲ್ಲಿ ತೆಗೆಯುತ್ತಾರೆ. ಕೊನೆಗೆ ಬಂದದ್ದು ಮೊದಲು ಹೊರಗೆ ಹೋಗುವುದು ಸ್ಟ್ಯಾಕ್‌ನ ನಿಯಮ, ಮೊದಲು ಬಂದದ್ದು ಮೊದಲು ಹೋಗುವುದು ಕ್ಯೂನ ನಿಯಮ. ದ್ವಿತೀಯ ಪಿಯುಸಿಯ ಕಂಪ್ಯೂಟರ್ ಸೈನ್ಸ್ ಓದುವವರಿಂದ ಹಿಡಿದು ಗೇಟ್ ಪರೀಕ್ಷೆಗೆ ಕೂರುವವರ ತನಕ ಈ ಎರಡು ಸಾಲುಗಳನ್ನು ಹೇಳಲಾಗದವರು ಅಪರೂಪ. ಆದರೂ ಒಂದಷ್ಟು ಕ್ರಿಯೆಗಳನ್ನು ಕೊಟ್ಟು, ಹೊರಬರುವ ಅಂಕಿಗಳನ್ನು ಕ್ರಮವಾಗಿ ಬರೆಯಿರಿ ಎಂದರೆ ಉತ್ತರ ತಪ್ಪುತ್ತದೆ. ನಿಯಮ ಗೊತ್ತಿದ್ದೂ ತಪ್ಪುವುದೇಕೆ ಎಂಬುದು ಒಂದು ಲೆಕ್ಕವನ್ನು ಮಾಡಿ ನೋಡಿದರೆ ತಿಳಿಯುತ್ತದೆ.

ಖಾಲಿ ಸ್ಟ್ಯಾಕ್ ಒಂದರ ಮೇಲೆ ಈ ಕ್ರಿಯೆಗಳು ನಡೆಯಲಿ: 1 ಪುಶ್, 2 ಪುಶ್, ಪಾಪ್, 3 ಪುಶ್, 4 ಪುಶ್, ಪಾಪ್, ಪಾಪ್, 5 ಪುಶ್, ಪಾಪ್, ಪಾಪ್.

ಮೊದಲ ಎರಡು ಪುಶ್ ಆದಾಗ ಒಳಗೆ 1 ಕೆಳಗಿದೆ, 2 ಮೇಲಿದೆ. ಮೊದಲ ಪಾಪ್‌ಗೆ 2 ಹೊರಗೆ ಬರುತ್ತದೆ. 1 ಅಲ್ಲೇ ಉಳಿಯುತ್ತದೆ. ಅದರ ಮೇಲೆ 3, ಅದರ ಮೇಲೆ 4 ಕೂರುತ್ತವೆ. ಮುಂದಿನ ಎರಡು ಪಾಪ್‌ಗಳಿಗೆ 4 ಮತ್ತು 3 ಬರುತ್ತವೆ. ಈಗಲೂ 1 ತಳದಲ್ಲೇ ಇದೆ. 5 ಸೇರಿದ ಮೇಲೆ ಕೊನೆಯ ಎರಡು ಪಾಪ್‌ಗಳಿಗೆ 5, ಆಮೇಲೆ 1. ಹಾಗಾಗಿ ಉತ್ತರ 2, 4, 3, 5, 1. ಇದೇ ಕ್ರಿಯೆಗಳು ಕ್ಯೂ ಮೇಲೆ ನಡೆದಿದ್ದರೆ ಉತ್ತರ 1, 2, 3, 4, 5.

ಉತ್ತರಪತ್ರಿಕೆಯಲ್ಲಿ ಈ ಸ್ಟ್ಯಾಕ್ ಪ್ರಶ್ನೆಗೆ 1, 2, 3, 4, 5 ಎಂದು ಬರೆದವರು ನೇರವಾಗಿ ಕ್ಯೂನ ಕ್ರಮವನ್ನು ಹಿಡಿದಿದ್ದಾರೆ. ಈ ತಪ್ಪನ್ನು ಒಮ್ಮೆ ತೋರಿಸಿದರೆ ಸಾಕು, ತಿದ್ದಿಕೊಳ್ಳುತ್ತಾರೆ. ಇದಕ್ಕಿಂತ ಹಟಮಾರಿಯಾದದ್ದು 5, 4, 3, 2, 1 ಎಂಬ ಉತ್ತರ. ಇಲ್ಲಿ ಕ್ಯೂ ಎಂದರೆ ಬಂದ ಕ್ರಮ, ಸ್ಟ್ಯಾಕ್ ಎಂದರೆ ಅದರ ತಿರುವುಮುರುವು ಎಂಬ ಕಂಠಪಾಠ ಕೆಲಸ ಮಾಡಿದೆ. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ.

ಕ್ಯೂ ವಿಷಯದಲ್ಲಿ ಅದು ಪೂರ್ತಿ ನಿಜ. ತೆಗೆಯುವ ಕ್ರಿಯೆಗಳು ನಡುನಡುವೆ ಬರಲಿ, ಕೊನೆಯಲ್ಲಿ ಒಟ್ಟಿಗೆ ಬರಲಿ, ಹೊರಬರುವ ಸಾಲು ಒಳಹೋದ ಸಾಲೇ ಆಗಿರುತ್ತದೆ. ಮೂರು ಸಲ ಮಾತ್ರ ತೆಗೆದಿದ್ದರೆ ಒಳಹೋದವುಗಳಲ್ಲಿ ಮೊದಲ ಮೂರು ಬರುತ್ತವೆ, ಅಷ್ಟೇ. ಆದ್ದರಿಂದ ಸಾಮಾನ್ಯ ಕ್ಯೂ ಪ್ರಶ್ನೆಯಲ್ಲಿ ಚಿತ್ರ ಬರೆಯುವ ಅಗತ್ಯವೇ ಇಲ್ಲ. ತೆಗೆಯುವ ಕ್ರಿಯೆಗಳೆಷ್ಟು ಎಂದು ಎಣಿಸಿ, ಒಳಹೋದ ಸಾಲಿನ ಮೊದಲಿನಿಂದ ಅಷ್ಟನ್ನು ಬರೆದರೆ ಮುಗಿಯಿತು. ಖಾಲಿ ಕ್ಯೂನಿಂದ ತೆಗೆಯಲು ಹೇಳುವ ಕ್ರಿಯೆ ಎಲ್ಲಾದರೂ ಅಡಗಿದೆಯೇ ಎಂದಷ್ಟೇ ನೋಡಿಕೊಳ್ಳಬೇಕು.

ಸ್ಟ್ಯಾಕ್‌ನಲ್ಲಿ ಹಾಗಲ್ಲ. ಅಲ್ಲಿ ಪಾಪ್ ಯಾವಾಗ ಬಂತು ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ. ಎಲ್ಲ ಪುಶ್‌ಗಳೂ ಮುಗಿದ ಮೇಲೆ ಎಲ್ಲ ಪಾಪ್‌ಗಳೂ ಬಂದರೆ ಮಾತ್ರ ಪೂರ್ತಿ ತಿರುವುಮುರುವು. ಪ್ರತಿ ಪುಶ್‌ನ ಬೆನ್ನಿಗೇ ಒಂದು ಪಾಪ್ ಬಂದರೆ ಸ್ಟ್ಯಾಕ್ ಕೂಡ 1, 2, 3, 4, 5 ಎಂದೇ ಕೊಡುತ್ತದೆ. ಆಗ ಹೊರಬಂದ ಸಾಲನ್ನು ನೋಡಿ ಅದು ಸ್ಟ್ಯಾಕೋ ಕ್ಯೂವೋ ಎಂದು ಹೇಳುವುದೇ ಅಸಾಧ್ಯ. ಈ ಎರಡು ತುದಿಗಳ ನಡುವೆ ಬೇಕಾದಷ್ಟು ಕ್ರಮಗಳಿವೆ. 1, 2, 3 ಎಂಬ ಮೂರು ಅಂಕಿಗಳನ್ನು ಇದೇ ಕ್ರಮದಲ್ಲಿ ಸೇರಿಸಿದರೆ, ಒಟ್ಟು 6 ಜೋಡಣೆಗಳಲ್ಲಿ 5 ಜೋಡಣೆಗಳು ಸ್ಟ್ಯಾಕ್‌ನಿಂದ ಬರಬಲ್ಲವು. ನಾಲ್ಕು ಅಂಕಿಗಳಿಗೆ 24ರಲ್ಲಿ 14, ಐದಕ್ಕೆ 120ರಲ್ಲಿ 42. ಗಣಿತದಲ್ಲಿ ಇವು ಕೆಟಲಾನ್ ಸಂಖ್ಯೆಗಳು. ಡೊನಾಲ್ಡ್ ಕ್ನೂತ್ 1968ರಲ್ಲಿ ಹೊರತಂದ ತಮ್ಮ ಪ್ರಸಿದ್ಧ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನೇ ರೈಲು ಬೋಗಿಗಳ ಲೆಕ್ಕವಾಗಿ ಕೇಳಿದ್ದಾರೆ. ಒಂದೇ ಬಾಯಿಯ ಪಕ್ಕದ ಹಳಿಗೆ ಬೋಗಿಗಳನ್ನು ತಳ್ಳಿ ಮತ್ತೆ ಹೊರಗೆಳೆದರೆ ಅವು ಯಾವ್ಯಾವ ಕ್ರಮದಲ್ಲಿ ಬರಬಹುದು ಎಂಬುದು ಅಲ್ಲಿನ ಪ್ರಶ್ನೆ. ಕ್ಯೂಗಾದರೆ ಎಷ್ಟು ಅಂಕಿಗಳಿದ್ದರೂ ಸಾಧ್ಯವಿರುವ ಕ್ರಮ ಒಂದೇ ಒಂದು.

ಮೂರು ಅಂಕಿಗಳಲ್ಲಿ ಸ್ಟ್ಯಾಕ್ ಕೊಡಲಾರದ ಆ ಒಂದು ಜೋಡಣೆ 3, 1, 2. ಮೊದಲು 3 ಹೊರಬರಬೇಕಾದರೆ ಅಷ್ಟರಲ್ಲಿ 1 ಮತ್ತು 2 ಒಳಗಿರಲೇಬೇಕು, 2 ಮೇಲಿರಲೇಬೇಕು. ಆಮೇಲೆ 2ನ್ನು ದಾಟಿಕೊಂಡು 1 ಬರುವಂತಿಲ್ಲ. ಉತ್ತರವನ್ನು ಪರೀಕ್ಷಿಸಿಕೊಳ್ಳಲು ಇದರಿಂದ ಒಳ್ಳೆಯ ಒರೆಗಲ್ಲು ಸಿಗುತ್ತದೆ. ಹೊರಬಂದ ಸಾಲಿನಲ್ಲಿ ಯಾವುದೇ ಒಂದು ಅಂಕಿಯನ್ನು ಹಿಡಿಯಿರಿ. ಅದಕ್ಕಿಂತ ಮೊದಲು ಒಳಗೆ ಹೋಗಿ, ಅದು ಹೊರಬಂದ ಮೇಲೂ ಒಳಗೇ ಉಳಿದವುಗಳೆಲ್ಲ ಸೇರಿದ್ದಕ್ಕೆ ಸರಿಯಾಗಿ ವಿರುದ್ಧ ಕ್ರಮದಲ್ಲಿ ಹೊರಬರಬೇಕು.

ನಮ್ಮ ಲೆಕ್ಕಕ್ಕೆ ಕೆಲವರು 2, 4, 1, 5, 3 ಎಂದು ಬರೆಯುತ್ತಾರೆ. ಇದು ಎರಡೂ ನಿಯಮಗಳು ಬೆರೆತ ಉತ್ತರ. ಮೊದಲ ಎರಡು ಪಾಪ್‌ಗಳನ್ನು ಟಾಪ್‌ನಿಂದ ಸರಿಯಾಗಿ ಮಾಡಿ, ಮೂರನೆಯದಕ್ಕೆ ಬಹಳ ಹೊತ್ತಿನಿಂದ ಕಾದಿರುವ 1ನ್ನು ತೆಗೆದುಬಿಟ್ಟಿದ್ದಾರೆ. ಒರೆಗಲ್ಲಿಗೆ ಹಚ್ಚಿದರೆ ಸಿಕ್ಕಿಬೀಳುತ್ತದೆ: 4 ಹೊರಬಂದಾಗ ಒಳಗೆ ಉಳಿದದ್ದು 1 ಮತ್ತು 3. ಅವು 3, 1 ಎಂದು ಬರಬೇಕಿತ್ತು, ಇಲ್ಲಿ 1, 3 ಎಂದು ಬಂದಿವೆ. ಆದರೆ 5, 4, 3, 2, 1 ಎಂಬ ತಪ್ಪು ಉತ್ತರ ಇದೇ ಒರೆಗಲ್ಲನ್ನು ದಾಟಿಬಿಡುತ್ತದೆ, ಏಕೆಂದರೆ ಬೇರೊಂದು ಕ್ರಿಯಾಸರಣಿಯಲ್ಲಿ ಅದು ಸಾಧ್ಯವಿರುವ ಉತ್ತರವೇ. ಅದನ್ನು ಹಿಡಿಯಲು ಇನ್ನೂ ಸರಳವಾದ ಪ್ರಶ್ನೆ ಸಾಕು: ಮೊದಲ ಪಾಪ್ ಬರುವ ಹೊತ್ತಿಗೆ 5 ಒಳಗೆ ಹೋಗಿತ್ತೇ? ಇಲ್ಲ. ಒಳಗೆ ಹೋಗದ್ದು ಹೊರಗೆ ಬರುವುದೆಲ್ಲಿಂದ?

ತಪ್ಪಿಗೆ ಇನ್ನೊಂದು ಕಾರಣ ಬರವಣಿಗೆಯಲ್ಲೇ ಇದೆ. ಸ್ಟ್ಯಾಕನ್ನು ಅಡ್ಡಸಾಲಾಗಿ ಬರೆದಾಗ ಟಾಪ್ ಬಲಗಡೆ ಬರುತ್ತದೆ, ಆದರೆ ಕಣ್ಣು ಎಡದಿಂದ ಓದುತ್ತದೆ. ಪೈಥಾನ್‌ನಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಒಂದೇ ಲಿಸ್ಟ್ ಸ್ಟ್ಯಾಕ್ ಆಗಿಯೂ ಕ್ಯೂ ಆಗಿಯೂ ವರ್ತಿಸಬಲ್ಲದು, ಎರಡಕ್ಕೂ ಇರುವ ವ್ಯತ್ಯಾಸ ಆವರಣದೊಳಗಿನ ಒಂದು ಸೊನ್ನೆ.

```
s = [1, 2, 3]
print(s.pop())     # 3
s = [1, 2, 3]
print(s.pop(0))    # 1
```

ಆವರಣ ಖಾಲಿಯಿದ್ದರೆ ಬಲತುದಿಯಿಂದ ತೆಗೆಯುತ್ತದೆ, ಅದು ಸ್ಟ್ಯಾಕ್. ಸೊನ್ನೆ ಇದ್ದರೆ ಎಡತುದಿಯಿಂದ ತೆಗೆಯುತ್ತದೆ, ಅದು ಕ್ಯೂ. ಎರಡು ಕಡೆಯೂ ಹೆಸರು `pop` ಎಂದೇ ಇರುವುದರಿಂದ ಆ ಹೆಸರನ್ನು ನಂಬಿ ಉತ್ತರ ಬರೆಯುವಂತಿಲ್ಲ. ಜೊತೆಗೆ `print(s)` ಎಂದರೆ ಪರದೆಯ ಮೇಲೆ ಬರುವುದು ಒಳಗೆ ಉಳಿದಿರುವ ಅಂಕಿಗಳು, ತಳದಿಂದ ಮೇಲಕ್ಕೆ. ಹೊರಬಂದವುಗಳ ಸಾಲು ಅದಲ್ಲ. ಪ್ರಶ್ನೆ ಕೇಳಿದ್ದು ಇವೆರಡರಲ್ಲಿ ಯಾವುದನ್ನು ಎಂದು ಗಮನಿಸದೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದು ಬಹಳ ಸಾಮಾನ್ಯ. ಕಾಗದದ ಮೇಲೆ ಲೆಕ್ಕ ಮಾಡುವಾಗ ಸ್ಟ್ಯಾಕನ್ನು ನೆಟ್ಟಗೆ, ತಳ ಕೆಳಗೆ ಬರುವಂತೆ ಬರೆದು, ತೆಗೆದ ಅಂಕಿಯನ್ನು ಅಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಸಾಲಿಗೆ ಇಳಿಸಿಕೊಂಡರೆ ಈ ಗೊಂದಲಕ್ಕೆ ಎಡೆ ಇರುವುದಿಲ್ಲ.

ಎರಡು ರಚನೆಗಳೂ ಒಂದೇ ಪ್ರಶ್ನೆಯಲ್ಲಿ ಬಂದಾಗ ಎಷ್ಟು ಸಲ ಸ್ಟ್ಯಾಕನ್ನು ಹಾದುಹೋಯಿತು ಎಂದು ಎಣಿಸಿದರೆ ಸಾಕು. ಕ್ಯೂನಲ್ಲಿರುವ 1, 2, 3ನ್ನು ಪೂರ್ತಿಯಾಗಿ ಸ್ಟ್ಯಾಕ್‌ಗೆ ಸುರಿದು ಮತ್ತೆ ಪೂರ್ತಿಯಾಗಿ ಕ್ಯೂಗೆ ತಂದರೆ 3, 2, 1 ಆಗುತ್ತದೆ. ಎರಡು ಸ್ಟ್ಯಾಕ್‌ಗಳನ್ನು ಹಾದರೆ ಮತ್ತೆ 1, 2, 3. ನಡುವೆ ಎಷ್ಟು ಕ್ಯೂಗಳು ಬಂದರೂ ಕ್ರಮ ಬದಲಾಗುವುದಿಲ್ಲ. ಎರಡು ಸ್ಟ್ಯಾಕ್ ಬಳಸಿ ಒಂದು ಕ್ಯೂ ಕಟ್ಟುವ ಹೆಸರಾಂತ ಪ್ರಶ್ನೆಗೆ ಆಧಾರ ಇದೇ.

ಇದೇ ಗೊಂದಲ ಮರದಂಥ ರಚನೆಯನ್ನು ಸುತ್ತುವ ಪ್ರಶ್ನೆಗಳಲ್ಲಿ ಇನ್ನೊಂದು ವೇಷದಲ್ಲಿ ಬರುತ್ತದೆ. ಬೇರಿನಲ್ಲಿ 1, ಅದರ ಮಕ್ಕಳು ಎಡಕ್ಕೆ 2, ಬಲಕ್ಕೆ 3. 2ರ ಮಕ್ಕಳು 4 ಮತ್ತು 5. 3ರ ಮಕ್ಕಳು 6 ಮತ್ತು 7 ಇರಲಿ. ಒಂದನ್ನು ಹೊರತೆಗೆದು ಬರೆದು, ಅದರ ಮಕ್ಕಳನ್ನು ಎಡದಿಂದ ಬಲಕ್ಕೆ ಒಳಗೆ ಸೇರಿಸುವುದು, ಖಾಲಿಯಾಗುವ ತನಕ ಹೀಗೇ ಮಾಡುವುದು ವಿಧಾನ. ಒಳಗಿರುವುದು ಕ್ಯೂ ಆದರೆ ಸಾಲು 1, 2, 3, 4, 5, 6, 7. ಮಟ್ಟದಿಂದ ಮಟ್ಟಕ್ಕೆ ಇಳಿಯುತ್ತದೆ.

ಸ್ಟ್ಯಾಕ್ ಆದರೆ ಬಹುಪಾಲು ವಿದ್ಯಾರ್ಥಿಗಳ ಉತ್ತರ 1, 2, 4, 5, 3, 6, 7. ಆಳಕ್ಕಿಳಿಯುವ ಸುತ್ತು ಎಂದು ಪುಸ್ತಕದಲ್ಲಿ ಓದಿದ ನೆನಪು ಅದು. ಆದರೆ ಕ್ರಿಯೆಗಳನ್ನು ಒಂದೊಂದಾಗಿ ನಡೆಸಿದರೆ ಬೇರೆಯೇ ಬರುತ್ತದೆ. 1 ಹೊರಬಂದ ಮೇಲೆ ಒಳಗೆ 2 ಹೋಗುತ್ತದೆ, ಅದರ ಮೇಲೆ 3 ಕೂರುತ್ತದೆ. ಮುಂದಿನ ಪಾಪ್‌ಗೆ ಬರುವುದು 3. ಅದರ ಮಕ್ಕಳಾದ 6, 7 ಒಳಗೆ ಹೋಗಿ, 7 ಮೊದಲು, 6 ಆಮೇಲೆ ಹೊರಬರುತ್ತವೆ. ಅಲ್ಲಿಯ ತನಕ ತಳದಲ್ಲಿದ್ದ 2 ಈಗ ಬರುತ್ತದೆ, ಅದರ ಬೆನ್ನಿಗೆ 5, 4. ಅಂದರೆ 1, 3, 7, 6, 2, 5, 4. ಇದೂ ಆಳಕ್ಕಿಳಿಯುವ ಸುತ್ತೇ, ಬಲಗಡೆಯಿಂದ ಇಳಿಯುತ್ತದೆ ಅಷ್ಟೇ. ಪುಸ್ತಕದ 1, 2, 4, 5, 3, 6, 7 ಬೇಕಿದ್ದರೆ ಪ್ರತಿ ಸಲವೂ ಬಲಗಡೆಯ ಮಗುವನ್ನು ಮೊದಲು ಪುಶ್ ಮಾಡಿ, ಎಡಗಡೆಯದನ್ನು ಅದರ ಮೇಲಿಡಬೇಕು.