ಮಾವನ ಫೋನಿನಲ್ಲಿ ಜಾಹೀರಾತಿಲ್ಲದ ಚದುರಂಗ

ಉಚಿತ ಎಂದು ಹೇಳಿಕೊಳ್ಳುವ ಯಾವುದಾದರೊಂದು ಸುಡೊಕು ಆ್ಯಪ್ ತೆರೆದು ನೋಡಿ. ಒಂದು ಆಟ ಮುಗಿಯುತ್ತಿದ್ದಂತೆ ಪರದೆಯ ತುಂಬಾ ಜಾಹೀರಾತು ಬಂದು ಕೂರುತ್ತದೆ. ಅದನ್ನು ಮುಚ್ಚುವ ಇಂಟು ಗುರುತು ಕೆಲವು ಸೆಕೆಂಡು ಕಳೆದ ಮೇಲೆ ಮೂಲೆಯಲ್ಲೆಲ್ಲೋ ಸಾಸಿವೆ ಕಾಳಿನಷ್ಟು ಗಾತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಹರೆಯದವರ ಬೆರಳು ಅದನ್ನು ಹೇಗೋ ಹಿಡಿಯುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡ, ಬೆರಳು ತುಸು ನಡುಗುವ ಎಪ್ಪತ್ತರ ಹಿರಿಯರು ಅದರ ಪಕ್ಕಕ್ಕೆ ಒತ್ತುತ್ತಾರೆ. ತಕ್ಷಣ ಪ್ಲೇ ಸ್ಟೋರ್ ತೆರೆದುಕೊಳ್ಳುತ್ತದೆ, ಇಲ್ಲವೇ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂಬ ಬೆದರಿಕೆ ಬರುತ್ತದೆ. ಆಡುತ್ತಿದ್ದ ಆಟ ಎಲ್ಲಿ ಹೋಯಿತೆಂಬುದೇ ಗೊತ್ತಾಗುವುದಿಲ್ಲ.

ಇದು ಆ್ಯಪ್ ಮಾಡಿದವರ ಅಜಾಗರೂಕತೆಯಲ್ಲ. ಎಷ್ಟು ಸಲ ಜಾಹೀರಾತು ತೋರಿಸಿದರೆ ಅಷ್ಟು ಆದಾಯ. ಆದ್ದರಿಂದ ಆಟವನ್ನೇ ಚಿಕ್ಕ ಚಿಕ್ಕ ತುಂಡು ಮಾಡಿ, ನಡುನಡುವೆ ಜಾಹೀರಾತಿಗೆ ಜಾಗ ಬಿಟ್ಟಿರುತ್ತಾರೆ. ಸುಳಿವು ಬೇಕೆಂದರೆ ನಾಣ್ಯ ಕೊಳ್ಳಬೇಕು, ಇಲ್ಲವೇ ಅರ್ಧ ನಿಮಿಷದ ವಿಡಿಯೊ ನೋಡಬೇಕು. ಮನಸ್ಸು ಒಂದು ಕಡೆ ನಿಲ್ಲಲಿ ಎಂದು ಕೂತವರ ಗಮನವನ್ನು ಪ್ರತಿ ಐದು ನಿಮಿಷಕ್ಕೊಮ್ಮೆ ಕೆಡಿಸುವ ಆಟದಿಂದ ಏನು ಪ್ರಯೋಜನ?

ಇಳಿಸಿಕೊಳ್ಳುವ ಮೊದಲೇ ಇದನ್ನು ಪತ್ತೆ ಮಾಡಬಹುದು. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ Contains ads, In-app purchases ಎಂದು ಬರೆದಿರುತ್ತದೆ. ಐಫೋನಿನ ಆ್ಯಪ್ ಸ್ಟೋರ್‌ನಲ್ಲಿ ಎರಡನೆಯದು Get ಬಟನ್ನಿನ ಹತ್ತಿರ ಇರುತ್ತದೆ. ಎರಡೂ ಇಲ್ಲದ ಆ್ಯಪ್ ಹುಡುಕಬೇಕು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಬಹಳ ಸಲ ದುಡ್ಡು ಕೊಟ್ಟು ಆ ಜಾಗ ಪಡೆದ ಆ್ಯಪ್ ಆಗಿರುತ್ತದೆ, ಒಳ್ಳೆಯ ಆ್ಯಪ್‌ನ ಹೆಸರನ್ನೇ ಹೋಲುವ ನಕಲುಗಳೂ ಇರುತ್ತವೆ. ಹಾಗಾಗಿ ಮಾಡಿದವರ ಹೆಸರನ್ನೂ ಓದುವುದು ಒಳ್ಳೆಯದು.

ಎರಡೂ ಇಲ್ಲದ ಆ್ಯಪ್‌ಗೆ ಖರ್ಚು ಯಾರು ಕೊಡುತ್ತಾರೆ? ಚದುರಂಗದ ಮಟ್ಟಿಗೆ ಇದಕ್ಕೆ ನೇರ ಉತ್ತರವಿದೆ. ಲಿಚೆಸ್ ಎಂಬುದನ್ನು 2010ರಲ್ಲಿ ಫ್ರಾನ್ಸಿನ ಟಿಬೊ ಡುಪ್ಲೆಸಿ ಎಂಬ ಪ್ರೋಗ್ರಾಮರ್ ಶುರು ಮಾಡಿದರು. ಈಗ ಅದು ಲಾಭದ ಉದ್ದೇಶವಿಲ್ಲದ ಸಂಸ್ಥೆ, ದೇಣಿಗೆಯಿಂದ ನಡೆಯುತ್ತದೆ. ದೇಣಿಗೆ ಕೊಟ್ಟವರ ಹೆಸರಿನ ಮುಂದೆ ರೆಕ್ಕೆಯ ಗುರುತು ಬೀಳುತ್ತದೆ, ಅಷ್ಟೆ. ಅವರಿಗೆ ಸಿಗುವ ಪ್ರತಿಯೊಂದು ಸೌಲಭ್ಯವೂ ಒಂದು ಪೈಸೆ ಕೊಡದವರಿಗೂ ಸಿಗುತ್ತದೆ. ಜಾಹೀರಾತಿಲ್ಲ, ಮಾರುವುದಕ್ಕೆ ಏನೂ ಇಲ್ಲ. ಕಂಪ್ಯೂಟರಿನ ಜೊತೆ ಆಡುವುದಕ್ಕೂ ಸಮಸ್ಯೆ ಬಿಡಿಸುವುದಕ್ಕೂ ಹೆಸರು ನೋಂದಾಯಿಸುವುದೇ ಬೇಡ.

ನಮ್ಮ ಮಾವನಿಗೆ ಇದನ್ನು ಹಾಕಿಕೊಟ್ಟಾಗ ಎದುರಾದ ತೊಡಕು ಜಾಹೀರಾತಿನದ್ದಲ್ಲ, ನಿಯಮದ್ದು. ಅವರು ಚಿಕ್ಕಂದಿನಲ್ಲಿ ಊರಿನ ಜಗುಲಿಯ ಮೇಲೆ ಕಲಿತದ್ದು ಹಳೆಯ ಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುವುದು, ರಾಜ ಒಮ್ಮೆ ಮಾತ್ರ ಕುದುರೆಯ ಹಾಗೆ ಹಾರಬಹುದು, ಕ್ಯಾಸ್ಲಿಂಗ್ ಇಲ್ಲ. ಫೋನಿನಲ್ಲಿ ಇವರು ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದರು. ಪಕ್ಕದಲ್ಲಿದ್ದ ಎದುರಾಳಿಯ ಕಾಲಾಳು ಓರೆಯಾಗಿ ಅದರ ಹಿಂದಿನ ಖಾಲಿ ಮನೆಗೆ ಹೋಯಿತು, ಇವರ ಕಾಲಾಳು ಮಾಯವಾಯಿತು. “ನೋಡಮ್ಮ, ಈ ಫೋನು ಮೋಸ ಮಾಡುತ್ತೆ” ಎಂದರು. “ಇಲ್ಲ ಮಾವ, ಇದು ಈಗಿನ ನಿಯಮ. ಎರಡು ಮನೆ ಹಾರಿದ ಕಾಲಾಳನ್ನು, ಒಂದೇ ಮನೆ ಬಂದಿದ್ದರೆ ಹೇಗೋ ಹಾಗೆ, ಕೂಡಲೇ ಹೊಡೆಯಬಹುದು” ಎಂದು ವಿವರಿಸಬೇಕಾಯಿತು. ಹಳೆಯ ಆಟ ಬಲ್ಲವರು ಮನೆಯಲ್ಲಿದ್ದರೆ ಮೊದಲು lichess.org/learn ಪುಟದಲ್ಲಿ ಅವರ ಜೊತೆ ಕೂತುಕೊಳ್ಳಿ. ಒಂದೊಂದು ಕಾಯಿಯ ನಡೆಗೂ ಚಿಕ್ಕ ಪಾಠವಿದೆ. ಕುದುರೆ, ಒಂಟೆಯ ಪಾಠಗಳನ್ನು ಬಿಟ್ಟು ಕ್ಯಾಸ್ಲಿಂಗ್ ಮತ್ತು ಈ ಕಾಲಾಳಿನ ಹೊಡೆತ ನೋಡಿಸಿದರೆ ಸಾಕು.

ಆಮೇಲೆ ಆ್ಯಪ್‌ನಲ್ಲಿ ಕೆಲವು ಬದಲಾವಣೆ ಮಾಡಿಡಬೇಕು. ಕಾಯಿಯನ್ನು ಎಳೆದುಕೊಂಡು ಹೋಗುವಾಗ ನಡುಗುವ ಬೆರಳು ದಾರಿಯಲ್ಲೇ ಕೈಬಿಡುತ್ತದೆ. ಅದರ ಬದಲು ಮೊದಲು ಕಾಯಿ, ನಂತರ ಹೋಗಬೇಕಾದ ಮನೆ ಮುಟ್ಟುವ ವಿಧಾನವನ್ನು ಆಯ್ದುಕೊಳ್ಳಿ. ಹೊಸಬರ ಸಮಸ್ಯೆ ಬಿಡಿಸುವ ಅಂಕ 1500ರಿಂದ ಶುರುವಾಗುತ್ತದೆ. ಬಹಳ ವರ್ಷ ಆಡದವರಿಗೆ ಆ ಮಟ್ಟದ ಸಮಸ್ಯೆ ಕಷ್ಟ, ಸಾಲಾಗಿ ತಪ್ಪಾದರೆ ಅಂಕ ಇಳಿಯುತ್ತಾ ಹೋಗುತ್ತದೆ, ಬೇಸರವಾಗುತ್ತದೆ. ಅಂಕ ಲೆಕ್ಕ ಹಾಕುವುದನ್ನೇ ನಿಲ್ಲಿಸುವ ಬಟನ್ ಇದೆ, ಮೊದಲ ಕೆಲವು ವಾರ ಅದನ್ನು ನಿಲ್ಲಿಸಿಡಿ. ಸಮಸ್ಯೆಗಳನ್ನು ವಿಷಯವಾರು ಆಯ್ದುಕೊಳ್ಳಬಹುದು. ಒಂದೇ ನಡೆಯಲ್ಲಿ ಮಾತ್ ಆಗುವವುಗಳಿಂದ ಆರಂಭಿಸಿ, ಎರಡು ನಡೆಯವುಗಳಿಗೆ ಹೋಗಬಹುದು. ಗಡಿಯಾರದ ವಿರುದ್ಧ ಬಿಡಿಸುವ ಪಂದ್ಯಗಳೂ ಅಲ್ಲಿವೆ. ಅವು ಹುಡುಗರಿಗಿರಲಿ.

ಎರಡು ನಡೆಯ ಸಮಸ್ಯೆ ಹೇಗಿರುತ್ತದೆಂದು ಒಂದನ್ನು ಹಾಸಿಕೊಂಡೇ ನೋಡೋಣ. ಕಪ್ಪು ರಾಜ g8ರಲ್ಲಿದ್ದಾನೆ. ಅವನ ಮುಂದೆ f7, g7, h7ರಲ್ಲಿ ಅವನದೇ ಮೂರು ಕಾಲಾಳುಗಳು. ಕಪ್ಪು ಆನೆ d8ರಲ್ಲಿ ಕಾವಲಿದೆ. ಬಿಳಿಯ ಮಂತ್ರಿ e2ರಲ್ಲಿ, ಅದರ ಹಿಂದೆ e1ರಲ್ಲಿ ಬಿಳಿಯ ಆನೆ, ಎದುರಿನ e ಸಾಲು ಪೂರ್ತಿ ಖಾಲಿ. ಉಳಿದ ಕಾಯಿಗಳು ಈ ಜಗಳದಿಂದ ದೂರ. ಬಿಳಿಯದು ಸರದಿ. ಮಂತ್ರಿಯನ್ನು e8ಕ್ಕೆ ಒಯ್ದರೆ ಆನೆ ಹೊಡೆಯುತ್ತದೆ, ಮಂತ್ರಿ ಹೋಗುತ್ತದೆ ಎಂದು ಎಲ್ಲರ ಕೈಯೂ ಹಿಂದೆ ಸರಿಯುತ್ತದೆ. ಅಲ್ಲಿಯೇ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಮಂತ್ರಿ e8ಕ್ಕೆ ಹೋಗಿ ಶೇಖ್ ಕೊಟ್ಟರೆ, ರಾಜನಿಗೆ ಓಡಲು ಜಾಗವಿಲ್ಲ, ಏಕೆಂದರೆ ದಾರಿಗೆ ಅಡ್ಡ ನಿಂತಿರುವುದು ಅವನದೇ ಕಾಲಾಳುಗಳು. ಮಂತ್ರಿಯನ್ನು ರಾಜ ಹೊಡೆಯಲಾರ, ಅದರ ಪಕ್ಕದ ಮನೆಯಲ್ಲಿ ಅವನಿಲ್ಲ. ಉಳಿದ ಒಂದೇ ಉಪಾಯ, ಆನೆಯಿಂದ ಮಂತ್ರಿಯನ್ನು ಹೊಡೆಯುವುದು. ಹೊಡೆದ ಕೂಡಲೇ ಹಿಂದೆ ಕಾದಿದ್ದ ಬಿಳಿಯ ಆನೆ e1ರಿಂದ e8ಕ್ಕೆ ಬಂದು ಅದನ್ನು ಹೊಡೆದು ಮಾತ್ ಮಾಡುತ್ತದೆ.

ಬೇರೆ ನಡೆ ಇಟ್ಟರೆ ಆ್ಯಪ್ ತಪ್ಪೆಂದು ತೋರಿಸಿ ಮತ್ತೆ ಪ್ರಯತ್ನಿಸಲು ಬಿಡುತ್ತದೆ, ಬೇಕಾದರೆ ಉತ್ತರವನ್ನೂ ತೋರಿಸುತ್ತದೆ. ಯಾವುದಕ್ಕೂ ನಾಣ್ಯ ಕೇಳುವುದಿಲ್ಲ. ಮಾವ ಈ ಬಗೆಯ ಸಮಸ್ಯೆಗೆ ಈಗ ಸಣ್ಣ ಕಾಗದದಲ್ಲಿ ಕಾಯಿಗಳ ಜಾಗ ಬರೆದುಕೊಂಡು, ತಿಂಡಿ ತಿನ್ನುವಾಗಲೂ ಅದನ್ನೇ ನೋಡುತ್ತಾರೆ.

ಜನರೊಡನೆ ಆಡುವ ಆಸೆಯಿದ್ದರೆ ಹತ್ತು ನಿಮಿಷದ ಆಟಗಳ ಗೋಜು ಬೇಡ. ಒಂದೊಂದು ನಡೆಗೂ ಮೂರು ದಿನ, ಏಳು ದಿನ ಕಾಲಾವಕಾಶ ಇರುವ ಆಟವಿದೆ, ಹಿಂದೆ ಕಾಗದ ಬರೆದು ಆಡುತ್ತಿದ್ದ ಚದುರಂಗದ ಮುಂದುವರಿಕೆ ಅದು. ಬೇರೆ ದೇಶದಲ್ಲಿರುವ ಮಗಳೋ ಮೊಮ್ಮಗನೋ ತಮ್ಮ ಸಮಯಕ್ಕೆ ಒಂದು ನಡೆ ಇಟ್ಟರೆ, ಇಲ್ಲಿ ಬೆಳಿಗ್ಗೆ ಎದ್ದು ಉತ್ತರ ಕೊಡಬಹುದು. ಇದಕ್ಕೆ ಮಾತ್ರ ಖಾತೆ ತೆರೆಯಬೇಕು. ಖಾತೆ ತೆರೆದ ಮೇಲೆ ವೆಬ್‌ಸೈಟಿನಲ್ಲಿ ಮಕ್ಕಳಿಗೆಂದು ಇರುವ ಕಿಡ್ ಮೋಡ್ ಹಾಕಿಬಿಟ್ಟರೆ ಅಪರಿಚಿತರ ಸಂದೇಶಗಳು ಬರುವುದಿಲ್ಲ. ವಂಚನೆಯ ಕರೆಗಳ ಈ ಕಾಲದಲ್ಲಿ ಅಜ್ಜಂದಿರಿಗೂ ಅದು ಬೇಕಾದದ್ದೇ.

ಚದುರಂಗ ಒಲ್ಲದವರಿಗೆ ನಾನು ಹೇಳುವುದು ಸೈಮನ್ ಟೇಥಮ್ ಅವರ ಒಗಟುಗಳ ಸಂಗ್ರಹ. ಇವರು ಬ್ರಿಟಿಷ್ ಪ್ರೋಗ್ರಾಮರ್. ಪುಟ್ಟಿ ಎಂಬ ಸಾಫ್ಟ್‌ವೇರ್ ಬರೆದವರೆಂದರೆ ಕಂಪ್ಯೂಟರ್ ಕೆಲಸದವರಿಗೆ ತಕ್ಷಣ ಗುರುತು ಸಿಗುತ್ತದೆ. ಆ ಸಂಗ್ರಹವನ್ನು ಕ್ರಿಸ್ ಬಾಯ್ಲ್ ಆಂಡ್ರಾಯ್ಡ್‌ಗೂ ಗ್ರೆಗ್ ಹ್ಯೂಗಿಲ್ ಐಫೋನಿಗೂ ತಂದಿದ್ದಾರೆ. ಸುಮಾರು ನಲವತ್ತು ಬಗೆಯ ಒಗಟು, ಪೂರ್ತಿ ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನೋಡಲು ಮಾತ್ರ ಬೋಳು ಬೋಳು. ಗೆದ್ದರೆ ಪಟಾಕಿ ಇಲ್ಲ, ಸಂಗೀತ ಇಲ್ಲ. ಹೆಸರುಗಳೂ ವಿವರಣೆಯೂ ಇಂಗ್ಲಿಷಿನಲ್ಲಿರುವುದರಿಂದ ಮೊದಲ ದಿನ ಯಾರಾದರೂ ಪಕ್ಕದಲ್ಲಿರಬೇಕು.

ಅದರಲ್ಲಿ ಸುಡೊಕುವಿನ ಹೆಸರು Solo. ಒಂಬತ್ತು ಮನೆಯ ಚೌಕ ಫೋನಿನ ಪರದೆಯಲ್ಲಿ ಚಿಕ್ಕದಾಗಿ ಕಾಣುತ್ತದೆ. 2x3 ಎಂಬುದನ್ನು ಆರಿಸಿದರೆ ಆರು ಅಂಕಿಯ ಚೌಕ ಬರುತ್ತದೆ, ಅಂಕಿ ದೊಡ್ಡದಾಗುತ್ತದೆ. ಪ್ರತಿ ಒಗಟನ್ನೂ ಆ್ಯಪ್ ಆಗಲೇ ಹೊಸದಾಗಿ ಹೆಣೆಯುತ್ತದೆ, ಅದಕ್ಕೆ ಒಂದೇ ಉತ್ತರ ಇರುವಂತೆ ನೋಡಿಕೊಳ್ಳುತ್ತದೆ. ಕಷ್ಟದ ಮಟ್ಟ Trivialನಿಂದ ಶುರುವಾಗಿ Unreasonableವರೆಗೆ ಹೋಗುತ್ತದೆ. ಆ ಕೊನೆಯದನ್ನು ಮುಟ್ಟಬೇಡಿ. ಅದರಲ್ಲಿ ಬರೀ ತರ್ಕ ಸಾಲದೆ ಊಹಿಸಿ ನೋಡಿ ಹಿಂದಕ್ಕೆ ಬರಬೇಕಾಗಬಹುದು, ಹಿರಿಯರಿಗಂತಲ್ಲ, ಯಾರಿಗೂ ಅದು ಸುಖದ ಕೆಲಸವಲ್ಲ. Mines ಎಂಬ ಗಣಿಯ ಆಟದಲ್ಲಿ ಇದಕ್ಕೆ ತದ್ವಿರುದ್ಧ, ಊಹೆಯಿಲ್ಲದೆ ಬಿಡಿಸಬಹುದಾದ ಹಾಸನ್ನೇ ಕೊಡುತ್ತದೆ. ತಪ್ಪಿಟ್ಟದ್ದನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯಬಹುದು, ಅದಕ್ಕೆ ಮಿತಿಯಿಲ್ಲ.

ಇದರಿಂದ ಮರೆವಿನ ಕಾಯಿಲೆ ಬಾರದೇ ಎಂದು ಎಲ್ಲರೂ ಕೇಳುತ್ತಾರೆ. 2003ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 75 ವರ್ಷ ದಾಟಿದ 469 ಜನರನ್ನು ವರ್ಷಗಳ ಕಾಲ ಗಮನಿಸಿದರು. ಓದುವವರು, ಹಾಸಿನ ಆಟ ಆಡುವವರು, ವಾದ್ಯ ನುಡಿಸುವವರು, ಕುಣಿಯುವವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿತು. ಆದರೆ ಆಟದಿಂದ ಮೆದುಳು ಉಳಿಯಿತೋ, ಮೆದುಳು ಚೆನ್ನಾಗಿದ್ದವರೇ ಆಟ ಮುಂದುವರಿಸಿದರೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಮೆದುಳಿನ ವ್ಯಾಯಾಮ ಎಂದು ಮಾರುವ ಲುಮಾಸಿಟಿ ಕಂಪನಿ, ಮುಪ್ಪಿನ ಮರೆವು ತಡೆಯುತ್ತದೆಂಬ ಆಧಾರವಿಲ್ಲದ ಪ್ರಚಾರಕ್ಕಾಗಿ 2016ರಲ್ಲಿ ಅಮೆರಿಕ ಸರ್ಕಾರದ ಆಯೋಗಕ್ಕೆ 20 ಲಕ್ಷ ಡಾಲರ್ ತೆರಲು ಒಪ್ಪಿತ್ತು. ಸುಡೊಕು ಬಿಡಿಸಿದರೆ ಸುಡೊಕು ಚೆನ್ನಾಗಿ ಬರುತ್ತದೆ ಎಂಬುದು ಖಚಿತ. ಅದಕ್ಕಿಂತ ಹೆಚ್ಚಿನ ಭರವಸೆ ಕೊಟ್ಟು ದುಡ್ಡು ಕೇಳುವ ಆ್ಯಪನ್ನು ನಾನು ಮನೆಯೊಳಕ್ಕೆ ಬಿಡುವುದಿಲ್ಲ. ಹಾಗೆಯೇ, ಬ್ಯಾಂಕಿನ ಲೆಕ್ಕ ಸರಿಯಾಗಿ ನೋಡುತ್ತಿದ್ದವರು ದಿಢೀರನೆ ತಡವರಿಸತೊಡಗಿದರೆ ಆಟದ ಅಂಕ ನೋಡಿ ಸಮಾಧಾನಪಟ್ಟುಕೊಳ್ಳದೆ ವೈದ್ಯರಿಗೆ ತೋರಿಸಬೇಕು.

ಹೊಸದನ್ನು ಹಾಕಿಕೊಡುವ ದಿನವೇ ಫೋನಿನಲ್ಲಿರುವ ಹಳೆಯ ಆಟಗಳನ್ನೂ ನೋಡಿಬಿಡಿ. ಮೂರು ದಿನ ಉಚಿತ ಎಂದು ಒತ್ತಿಸಿಕೊಂಡು, ಆಮೇಲೆ ವಾರವಾರ ಹಣ ಎಳೆಯುವ ಒಗಟಿನ ಆ್ಯಪ್‌ಗಳಿವೆ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಇದು ಬಹಳ ಜನಕ್ಕೆ ತಿಳಿಯದು. ಪ್ಲೇ ಸ್ಟೋರ್‌ನಲ್ಲಿ ಮೇಲಿನ ಮೂಲೆಯ ಚಿತ್ರ ಒತ್ತಿ, Payments & subscriptionsಗೆ ಹೋಗಿ, Subscriptionsನಲ್ಲಿ ರದ್ದು ಮಾಡಬೇಕು. ಹಣ ಯುಪಿಐಯಿಂದ ಹೋಗುತ್ತಿದ್ದರೆ, ಪಾವತಿ ಆ್ಯಪ್‌ನ ಆಟೊಪೇ ಪಟ್ಟಿಯಲ್ಲೂ ಒಮ್ಮೆ ಕಣ್ಣಾಡಿಸಿ. ಕೊನೆಯದಾಗಿ ಅದೇ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿಡಿ. ಬೆರಳಚ್ಚಿಗಿಂತ ಪಾಸ್‌ವರ್ಡೇ ವಾಸಿ, ಏಕೆಂದರೆ ಪರದೆ ಕೇಳಿದಲ್ಲೆಲ್ಲ ಬೆರಳು ಇಡುವ ಅಭ್ಯಾಸ ಹಿರಿಯರಿಗೆ ಆಗಲೇ ಆಗಿಬಿಟ್ಟಿರುತ್ತದೆ.