ತಡೆಯುವುದೇ ತಳ್ಳುವುದು

1813ರಲ್ಲಿ ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದಲ್ಲಿ ಒಂದು ವಿಚಿತ್ರ ಉಗಿಬಂಡಿ ತಯಾರಾಯಿತು. ಅದಕ್ಕೆ ಗಾಲಿಗಳಿದ್ದುವು, ಆದರೆ ಅವು ಯಂತ್ರದ ಭಾರ ಹೊರುವುದಕ್ಕೆ ಮಾತ್ರ. ಮುಂದೆ ಸಾಗುವ ಸಲುವಾಗಿ ಅದರ ಹಿಂಬದಿಗೆ ಎರಡು ಕಬ್ಬಿಣದ ಕಾಲುಗಳನ್ನು ಜೋಡಿಸಿದ್ದರು. ಉಗಿಯ ಬಲದಿಂದ ಆ ಕಾಲುಗಳು ಒಂದರ ಅನಂತರ ಒಂದು ನೆಲವನ್ನೊದ್ದು ಬಂಡಿಯನ್ನು ಮುಂದಕ್ಕೆ ನೂಕುತ್ತಿದ್ದುವು. ವೇಗ, ಮನುಷ್ಯನ ನಿಧಾನ ನಡಿಗೆಯಷ್ಟು. ಇದನ್ನು ಕಟ್ಟಿದ ವಿಲಿಯಂ ಬ್ರಂಟನ್ ಮಂಕುಬುದ್ಧಿಯವನಲ್ಲ; ನುರಿತ ಎಂಜಿನಿಯರು. ಗಾಲಿಯಿರುವ ಬಂಡಿಗೆ ಕಾಲನ್ನೇಕೆ ಕಟ್ಟಿದ?

ಅಂದಿನ ಅನೇಕ ಎಂಜಿನಿಯರುಗಳನ್ನು ಒಂದು ಸಂದೇಹ ಕಾಡುತ್ತಿತ್ತು. ನುಣುಪಾದ ಕಬ್ಬಿಣದ ಹಳಿಯ ಮೇಲೆ ನುಣುಪಾದ ಕಬ್ಬಿಣದ ಗಾಲಿಯನ್ನು ತಿರುಗಿಸಿದರೆ ಅದು ನಿಂತಲ್ಲಿಯೇ ಗಿರ್ರನೆ ಸುತ್ತೀತೇ ಹೊರತು ಹಿಂದಿನ ಸರಕುಬಂಡಿಗಳನ್ನು ಎಳೆಯಲಾರದೆಂದು ಅವರು ಶಂಕಿಸಿದರು. 1804ರಲ್ಲಿಯೇ ರಿಚರ್ಡ್ ಟ್ರೆವಿಥಿಕ್ ಅಂಥ ಗಾಲಿಗಳ ಬಂಡಿಯನ್ನು ಓಡಿಸಿ ತೋರಿಸಿದ್ದರೂ ಶಂಕೆ ಅಳಿಯಲಿಲ್ಲ. ಲೀಡ್ಸ್ ಊರಿನ ಬಳಿ ಬ್ಲೆಂಕಿನ್‌ಸಾಪ್ 1812ರಲ್ಲಿ ಹಳಿಗೇ ಹಲ್ಲುಗಳನ್ನು ಕೂಡಿಸಿ, ಅವಕ್ಕೆ ಕಚ್ಚಿಕೊಳ್ಳುವ ಹಲ್ಲಿನ ಗಾಲಿಯನ್ನಿಟ್ಟ. ಬ್ರಂಟನ್ ಕಾಲುಗಳನ್ನಿಟ್ಟ. ಅವನ ಬಂಡಿಯ ಕಥೆ 1815ರಲ್ಲಿ ದಾರುಣವಾಗಿ ಮುಗಿಯಿತು: ಬಾಯ್ಲರು ಸಿಡಿದು, ನೋಡಲು ನೆರೆದಿದ್ದ ಹಲವರು ಪ್ರಾಣ ಕಳೆದುಕೊಂಡರು.

ಅಷ್ಟರಲ್ಲಿಯೇ ವೈಲಂ ಗಣಿಯ ಮೇಲ್ವಿಚಾರಕ ವಿಲಿಯಂ ಹೆಡ್ಲಿ ಈ ಪ್ರಶ್ನೆಯನ್ನು ವಾದದಿಂದಲ್ಲ, ಪ್ರಯೋಗದಿಂದ ಬಗೆಹರಿಸಿದ್ದ. ಒಂದು ಬಂಡಿಯ ಮೇಲೆ ಆಳುಗಳನ್ನು ನಿಲ್ಲಿಸಿ, ಅವರ ಕೈಯಿಂದ ಹಿಡಿಕೆಗಳನ್ನು ತಿರುಗಿಸಿ ಗಾಲಿಗಳನ್ನು ಸುತ್ತಿಸಿದ. ಹಿಂದೆ ಕಲ್ಲಿದ್ದಲಿನ ಬಂಡಿಗಳನ್ನು ಕಟ್ಟಿ, ಗಾಲಿ ಜಾರತೊಡಗುವವರೆಗೆ ಅವುಗಳ ಸಂಖ್ಯೆಯನ್ನು ಹೆಚ್ಚಿಸಿದ. ಮುಂದಿನ ಬಂಡಿಯ ಮೇಲೆ ಭಾರ ಹೇರಿದಷ್ಟೂ ಅದು ಜಾರದೆ ಎಳೆಯುವ ಶಕ್ತಿ ಹೆಚ್ಚುವುದು ಕಂಡುಬಂದಿತು. ಹಲ್ಲೂ ಬೇಡ, ಕಾಲೂ ಬೇಡ. ಸಾಕಷ್ಟು ಭಾರವಿದ್ದರೆ ನುಣುಪು ಗಾಲಿಯೇ ನೆಲವನ್ನು ಒದೆಯಬಲ್ಲದು. ಕಾಲು ಮತ್ತು ಗಾಲಿ ಇವೆರಡರ ಕೆಲಸವೂ ಒಂದೇ ಬಲದಿಂದ ನಡೆಯುತ್ತದೆ. ಅದೇ ಘರ್ಷಣೆ.

ಹೆಜ್ಜೆಯ ಎರಡು ಘಟ್ಟಗಳು

ಘರ್ಷಣೆಯೆಂದರೆ ಚಲನೆಯನ್ನು ತಡೆಯುವ ಬಲವೆಂದು ಶಾಲೆಯಲ್ಲಿ ಕಲಿತವರಿಗೆ ಈ ಮಾತು ವಿರೋಧಾಭಾಸವಾಗಿ ಕಾಣಬಹುದು. ತಡೆಯುವ ಬಲ ತಳ್ಳುವುದೆಂತು? ತೊಡಕಿರುವುದು 'ಚಲನೆ' ಎಂಬ ಶಬ್ದದಲ್ಲಿ. ಘರ್ಷಣೆ ವಿರೋಧಿಸುವುದು ದೇಹದ ಚಲನೆಯನ್ನಲ್ಲ; ಒಂದನ್ನೊಂದು ಮುಟ್ಟಿರುವ ಎರಡು ಮೈಗಳ ನಡುವಣ ಜಾರುವಿಕೆಯನ್ನು. ನಡೆಯುವವನು ಹಿಂದಿನ ಪಾದದಿಂದ ನೆಲವನ್ನು ಹಿಂದಕ್ಕೆ ಒತ್ತುತ್ತಾನೆ. ಹಿಡಿತವಿಲ್ಲದಿದ್ದರೆ ಆ ಪಾದ ಹಿಂದಕ್ಕೆ ಜಾರುತ್ತಿತ್ತು. ಜಾರದಂತೆ ತಡೆಯಬೇಕಾದ ಘರ್ಷಣೆ ಪಾದವನ್ನು ಮುಂದಕ್ಕೆ ತಳ್ಳಲೇಬೇಕು. ಪಾದದೊಡನೆ ದೇಹವೂ ಮುಂದೆ ಹೋಗುತ್ತದೆ.

ಆದರೆ ಹೆಜ್ಜೆಯ ಉದ್ದಕ್ಕೂ ಘರ್ಷಣೆ ಮುಂದಕ್ಕೇ ತಳ್ಳುವುದಿಲ್ಲ. ಮುಂಚಾಚಿದ ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿದಾಗ ಆ ಪಾದ ಮುಂದಕ್ಕೆ ಜಾರಲು ನೋಡುತ್ತದೆ. ಆಗ ಘರ್ಷಣೆ ಹಿಂದಕ್ಕೆ ಒತ್ತುತ್ತದೆ. ದೇಹ ಪಾದದ ಮೇಲಾಗಿ ಹಾದು ಮುಂದೆ ಸರಿದ ಬಳಿಕ ದಿಕ್ಕು ಬದಲಾಗಿ, ಬೆರಳುಗಳು ನೆಲವನ್ನು ಮೀಟುವಾಗ ಘರ್ಷಣೆ ಮುಂದಕ್ಕೆ ನೂಕುತ್ತದೆ. ಸಮವೇಗದ ನಡಿಗೆಯಲ್ಲಿ ಮೊದಲ ಘಟ್ಟದ ತಡೆಯೂ ಎರಡನೆಯ ಘಟ್ಟದ ನೂಕೂ ಒಂದಕ್ಕೊಂದು ಸರಿಹೋಗುತ್ತವೆ. ಸಾಮಾನ್ಯ ನಡಿಗೆಯಲ್ಲಿ ಇವೆರಡರ ಗರಿಷ್ಠ ಪ್ರಮಾಣ ದೇಹದ ತೂಕದ ಸುಮಾರು ಐದನೆಯ ಒಂದು ಪಾಲು. 60 ಕಿಲೋಗ್ರಾಂ ತೂಗುವವನ ಪಾಲಿಗೆ ಅದು 12 ಕಿಲೋಗ್ರಾಂ ತೂಕದಷ್ಟು ಬಲ.

ಪಾಚಿಗಟ್ಟಿದ ಅಂಗಳದಲ್ಲಿ ಜಾರಿದವರು ಸಾಮಾನ್ಯವಾಗಿ ಬೆನ್ನಮೇಲೆ ಬೀಳುವುದಕ್ಕೆ ಕಾರಣವೂ ಇದೇ. ಅಪಾಯವಿರುವುದು ಹಿಮ್ಮಡಿ ಊರುವ ಘಟ್ಟದಲ್ಲಿ. ದೇಹದ ಭಾರ ಆ ಕಾಲಿನ ಮೇಲೆ ಬೀಳುತ್ತಿರುವಾಗಲೇ ಅದು ಮುಂದಕ್ಕೆ ಹಾರಿಹೋಗುತ್ತದೆ. ಬೆರಳು ಮೀಟುವಾಗ ಜಾರಿದರೆ, ಭಾರ ಅಷ್ಟರಲ್ಲಿ ಇನ್ನೊಂದು ಕಾಲಿಗೆ ದಾಟುತ್ತಿರುವುದರಿಂದ, ಬಹುಮಟ್ಟಿಗೆ ಹೆಜ್ಜೆ ಕೆಡುತ್ತದೆಯೇ ಹೊರತು ಮನುಷ್ಯ ಬೀಳುವುದಿಲ್ಲ. ಜಾರು ನೆಲದಲ್ಲಿ ಅನುಭವಿಗಳು ಸಣ್ಣ ಸಣ್ಣ ಹೆಜ್ಜೆಯಿಡುವುದು ಜಾಣತನ. ಹೆಜ್ಜೆ ಕಿರಿದಾದರೆ ಕಾಲು ಹೆಚ್ಚು ನೆಟ್ಟಗಿರುತ್ತದೆ. ನೆಲದಿಂದ ಬೇಡುವ ಘರ್ಷಣೆಯೂ ಕಡಿಮೆಯಾಗುತ್ತದೆ.

ಎತ್ತಿನ ಗಾಡಿ ಮತ್ತು ಮೋಟಾರು

ಈಗ ಗಾಲಿಯ ಕಡೆಗೆ ಬರಬಹುದು. ಎತ್ತಿನ ಗಾಡಿಯನ್ನೂ ಅಂಬಾಸಿಡರ್ ಕಾರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿದಂತೆ ಭಾವಿಸೋಣ. ಎರಡೂ ಮುಂದಕ್ಕೆ ಹೊರಟುವು. ಎರಡರ ಗಾಲಿಗಳೂ ಒಂದೇ ದಿಕ್ಕಿಗೆ ಉರುಳಿದುವು. ಹಾಗಾದರೆ ಎಲ್ಲ ಗಾಲಿಗಳ ಮೇಲೂ ಘರ್ಷಣೆಯ ದಿಕ್ಕು ಒಂದೇ ಆಗಿರಬೇಕಲ್ಲವೆ? ಇಲ್ಲ.

ದಿಕ್ಕನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಗಾಲಿಯ ಕೆಳಗಿನ ನೆಲಕ್ಕೆ ಇದ್ದಕ್ಕಿದ್ದಂತೆ ಎಣ್ಣೆ ಸವರಿದಂತಾಯಿತೆಂದು ಊಹಿಸಿ, ಗಾಲಿಯ ತಳ ಎತ್ತ ಜಾರುವುದೆಂದು ನೋಡಬೇಕು. ಘರ್ಷಣೆ ಅದಕ್ಕೆ ಎದುರು ದಿಕ್ಕಿನಲ್ಲಿರುತ್ತದೆ.

ಎತ್ತಿನ ಗಾಡಿಯ ಗಾಲಿಯನ್ನು ತಿರುಗಿಸುವ ಯಂತ್ರವಿಲ್ಲ. ಎತ್ತುಗಳು ಗಾಡಿಯನ್ನು ಎಳೆಯುತ್ತವೆ. ಅಚ್ಚು ಗಾಲಿಯನ್ನು ಮುಂದಕ್ಕೆ ನೂಕುತ್ತದೆ. ಎಣ್ಣೆಯ ನೆಲದಲ್ಲಾದರೆ ಆ ಗಾಲಿ ತಿರುಗದೆಯೇ ಮುಂದಕ್ಕೆ ಜಾರುತ್ತಿತ್ತು. ಆದುದರಿಂದ ಅದರ ಮೇಲಿನ ಘರ್ಷಣೆ ಹಿಂದಕ್ಕೆ. ಅದರ ಹಿಡಿತದಿಂದಲೇ ಗಾಲಿ ಉರುಳುತ್ತದೆ. ಗಾಡಿಯನ್ನು ಮುಂದೆ ಒಯ್ಯುವ ಘರ್ಷಣೆ ಹುಟ್ಟುವುದು ಎತ್ತಿನ ಗೊರಸಿನಡಿಯಲ್ಲಿ. ಅಲ್ಲಿ ಹಿಡಿತ ತಪ್ಪಿದರೆ ಗಾಲಿ ಎಷ್ಟು ಚೆನ್ನಾಗಿದ್ದರೂ ಗಾಡಿ ಕದಲದು.

ಅಂಬಾಸಿಡರಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ. ಎಣ್ಣೆಯ ನೆಲದಲ್ಲಿ ಆ ಚಕ್ರಗಳ ತಳ ಹಿಂದಕ್ಕೆ ಜಾರುತ್ತ ಗಿರ್ರನೆ ಸುತ್ತುತ್ತಿತ್ತು. ಆದುದರಿಂದ ಅವುಗಳ ಮೇಲಿನ ಘರ್ಷಣೆ ಮುಂದಕ್ಕೆ. ಅದೇ ಕಾರಿನ ಮುಂದಿನ ಚಕ್ರಗಳಾದರೋ ಎತ್ತಿನ ಗಾಡಿಯ ಗಾಲಿಗಳಂತೆ ಬರಿದೆ ನೂಕಿಸಿಕೊಳ್ಳುವುವು. ಅಲ್ಲಿ ಘರ್ಷಣೆ ಹಿಂದಕ್ಕೆ, ಪ್ರಮಾಣವೂ ತೀರ ಅಲ್ಪ. ಒಂದೇ ಕಾರು, ಒಂದೇ ರಸ್ತೆ, ಒಂದೇ ಕ್ಷಣ. ಆದರೂ ಹಿಂದಿನ ಚಕ್ರಗಳಡಿ ಒಂದು ದಿಕ್ಕು, ಮುಂದಿನವುಗಳಡಿ ಇನ್ನೊಂದು. 1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನು. ಅಲ್ಲಿ ಈ ಚಿತ್ರ ತಿರುವುಮುರುವಾಗುತ್ತದೆ. ಬ್ರೇಕು ಒತ್ತಿದ ಕೂಡಲೆ ಯಾವ ಕಾರಿನಲ್ಲಾದರೂ ನಾಲ್ಕು ಚಕ್ರಗಳ ಮೇಲೂ ಘರ್ಷಣೆ ಹಿಂದಕ್ಕೆ ತಿರುಗುತ್ತದೆ.

ಹಾಗೆಂದು ಕಾರನ್ನು ಓಡಿಸುವ ಶಕ್ತಿಯನ್ನು ರಸ್ತೆ ಕೊಡುತ್ತದೆಂದು ತಿಳಿಯಬಾರದು. ಜಾರದೆ ಉರುಳುವ ಚಕ್ರದ ನೆಲ ಮುಟ್ಟಿದ ಭಾಗ ಆ ಕ್ಷಣದಲ್ಲಿ ಸ್ಥಿರವಾಗಿರುತ್ತದೆ. ಅಲ್ಲಿ ಬಲವುಂಟು, ಸರಿಯುವಿಕೆಯಿಲ್ಲ. ಆದುದರಿಂದ ರಸ್ತೆಯಿಂದ ಶಕ್ತಿಯ ವೆಚ್ಚವೂ ಇಲ್ಲ. ವೆಚ್ಚವೆಲ್ಲ ಪೆಟ್ರೋಲಿನದು. ಏಣಿಯ ಮೆಟ್ಟಿಲು ಹತ್ತುವವನಿಗೆ ಹೇಗೆ ಊರುಗೋಲೋ ಹಾಗೆಯೇ ಘರ್ಷಣೆ ಚಕ್ರಕ್ಕೆ.

ಕೆಸರಿನ ಏರಿನಲ್ಲಿ

ಈ ಆಸರೆಗೂ ಒಂದು ಮಿತಿಯಿದೆ. ಮಿತಿಯನ್ನು ಗೊತ್ತುಮಾಡುವುವು ಎರಡು: ನೆಲದ ಗುಣ, ಮತ್ತು ಎಂಜಿನ್ನು ತಿರುಗಿಸುವ ಚಕ್ರಗಳ ಮೇಲೆ ಬೀಳುವ ಭಾರ. ಹೆಡ್ಲಿ ಕಂಡದ್ದೂ ಇದನ್ನೇ.

ಸವಾರರೂ ಸೇರಿ 1200 ಕಿಲೋಗ್ರಾಂ ತೂಗುವ, ಹಿಂದಿನ ಚಕ್ರಗಳಿಂದ ನಡೆಯುವ ಒಂದು ಕಾರನ್ನು ತೆಗೆದುಕೊಳ್ಳಬಹುದು. ತೂಕದ ಅರ್ಧ, ಎಂದರೆ 600 ಕಿಲೋಗ್ರಾಂ, ಹಿಂದಿನ ಚಕ್ರಗಳ ಮೇಲಿರಲಿ. ಸಮತಟ್ಟಾದ ರಸ್ತೆಯಲ್ಲಿ ಅದು ನಿಂತಲ್ಲಿಂದ ಹೊರಟು 5 ಸೆಕೆಂಡಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗ ಪಡೆಯಬೇಕಾದರೆ ತನ್ನ ತೂಕದ ಸುಮಾರು ಐದನೆಯ ಒಂದು ಪಾಲು, ಎಂದರೆ 240 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟೈರಿಗೆ ತನ್ನ ಮೇಲಣ ಭಾರದ ನೂರಕ್ಕೆ 70ರಷ್ಟಾದರೂ ಹಿಡಿತ ಸಿಕ್ಕುತ್ತದೆ, ಎಂದರೆ 420. ಕಾರು ನಿರಾಯಾಸವಾಗಿ ಹೊರಡುತ್ತದೆ.

ಅದೇ ಕಾರು ಮಳೆಗಾಲದಲ್ಲಿ, ಒಳಗೆ ಗಟ್ಟಿಯಾಗಿದ್ದು ಮೇಲೆ ತೆಳ್ಳಗೆ ಕೆಸರು ಹರಡಿದ ಒಂದು ಏರಿನ ಬುಡದಲ್ಲಿ ನಿಂತಿದೆಯೆನ್ನಿ. ಪ್ರತಿ 12 ಅಡಿಗೆ 1 ಅಡಿಯ ಏರು. ಹಿಡಿತ ನೂರಕ್ಕೆ 20ಕ್ಕೆ ಇಳಿದಿದೆ. ಎಂದರೆ 600ರಲ್ಲಿ 120. ಏರಿನಲ್ಲಿ ಕಾರು ಹಿಂದಕ್ಕುರುಳದಂತೆ ಹಿಡಿಯುವುದಕ್ಕೇ 1200ರ ಹನ್ನೆರಡನೆಯ ಒಂದು ಪಾಲು, 100 ಬೇಕು. ಉರುಳುವ ಟೈರು ನಲುಗುವುದರಿಂದ ಬರುವ ತಡೆಗೆ ಇನ್ನು 20. ಅಲ್ಲಿಗೆ 120 ಮುಗಿಯಿತು. ವೇಗವೇರಿಸಲು ಏನೂ ಉಳಿಯಲಿಲ್ಲ. ಎಂಜಿನ್ನು ಎಷ್ಟು ಬಲವಾದದ್ದಾದರೂ ಪ್ರಯೋಜನವಿಲ್ಲ. ಹೆಚ್ಚು ಒತ್ತಿದಷ್ಟೂ ಚಕ್ರ ಸುತ್ತುತ್ತದೆ. ಒಮ್ಮೆ ಜಾರತೊಡಗಿದ ಚಕ್ರದ ಹಿಡಿತ ಮೊದಲಿಗಿಂತಲೂ ಕುಗ್ಗುತ್ತದೆ. ಟೈರು ಕೆಸರನ್ನು ಕೆತ್ತಿ ತನಗೆ ತಾನೇ ಗುಣಿ ತೋಡಿಕೊಳ್ಳುತ್ತದೆ. ಅನುಭವಿ ಚಾಲಕರು ಇಂಥಲ್ಲಿ ಎರಡನೆಯ ಗೇರಿನಲ್ಲಿ, ಕ್ಲಚ್ಚನ್ನು ಮೆಲ್ಲನೆ ಬಿಡುತ್ತ ಹೊರಡುವುದು ಚಕ್ರದ ತಿರುಚು ಮಿತಿ ಮೀರದಿರಲೆಂದೇ.

ಈಗ 75 ಕಿಲೋಗ್ರಾಮಿನ ಇಬ್ಬರು ಹಿಂದಿನ ಡಿಕ್ಕಿಯ ಮೇಲೆ ಕುಳಿತರೆನ್ನಿ. ಕಾರಿನ ಒಟ್ಟು ತೂಕ 1350 ಆಯಿತು. ಏರಿನ ಪಾಲೂ ಟೈರಿನ ಪಾಲೂ ಸೇರಿ ಬೇಕಾದ ಬಲ ಸುಮಾರು 135. ಆದರೆ ಹಿಂದಿನ ಚಕ್ರಗಳ ಮೇಲಣ ಭಾರ 750ಕ್ಕೇರಿತು; ಹಿಡಿತ 150 ಆಯಿತು. ಭಾರ ಹೆಚ್ಚಿದ್ದರಿಂದಲೇ ಕಾರು ಮೆಲ್ಲಗೆ ಏರಿತು! ಮುಂದಿನ ಚಕ್ರಗಳಿಂದ ನಡೆಯುವ ಕಾರಿಗೆ ಈ ಉಪಾಯ ಸಲ್ಲದು. ಏರಿನಲ್ಲಿ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳು ಹಗುರವಾಗುವುದರಿಂದ, ಕೆಲವು ಚಾಲಕರು ಅಂಥ ಕಾರನ್ನು ಹಿಮ್ಮುಖವಾಗಿ ಏರಿಸುವುದುಂಟು.

ಒಂದು ಚಕ್ರ ಮಾತ್ರ ಕೆಸರಿನಲ್ಲಿದ್ದು ಇನ್ನೊಂದು ಗಟ್ಟಿ ನೆಲದ ಮೇಲಿದ್ದರೂ ಸಾಮಾನ್ಯ ಕಾರು ಹೊರಡದೆ ನಿಲ್ಲುವುದುಂಟು. ಎರಡು ಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟ ಎಂಜಿನ್ನಿನ ತಿರುಚನ್ನು ಎರಡೂ ಕಡೆಗೆ ಸಮನಾಗಿ ಹಂಚುತ್ತದೆ. ಕೆಸರಿನ ಚಕ್ರ ಎಷ್ಟನ್ನು ತಾಳಬಲ್ಲುದೋ ಅಷ್ಟೇ ಗಟ್ಟಿ ನೆಲದ ಚಕ್ರಕ್ಕೂ ದೊರೆಯುವುದು. ಒಂದು ಸುತ್ತುತ್ತಿರುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಆಸರೆ ಕೊಡಬೇಕಾದದ್ದು ಸುತ್ತುತ್ತಿರುವ ಚಕ್ರಕ್ಕೆ.

ಹಳ್ಳಿಗಳಲ್ಲಿ ಆ ಚಕ್ರದ ಮುಂದೆ ಗೋಣಿಚೀಲವನ್ನು ತುರುಕಿ ಕಾರನ್ನು ಎಬ್ಬಿಸುತ್ತಾರೆ. ಟೈರು ಚೀಲವನ್ನು ಕಚ್ಚಿಕೊಂಡೊಡನೆ ಕಾರು ಮುಂದಕ್ಕೆ ಹಾರುತ್ತದೆ. ಎಷ್ಟೋ ವೇಳೆ ಚೀಲ ಅಷ್ಟೇ ರಭಸದಿಂದ ಹಿಂದಕ್ಕೆ ಚಿಮ್ಮುತ್ತದೆ. ಚಕ್ರ ನೆಲವನ್ನು ಒದೆಯುತ್ತಿದ್ದುದು ಯಾವ ದಿಕ್ಕಿಗೆಂಬುದನ್ನು ಆ ಚೀಲ ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ನೆಲ ಕದಲುವುದಿಲ್ಲ, ಚೀಲ ಕದಲುತ್ತದೆ; ಅಷ್ಟೇ ವ್ಯತ್ಯಾಸ. ಚೀಲದ ಬದಲು ಹಲಗೆಯನ್ನೋ ಕಲ್ಲನ್ನೋ ಇಟ್ಟಾಗ ಅದೂ ಹಾಗೆಯೇ ಹಾರಿಬರಬಹುದು. ಆದುದರಿಂದ ಆಸರೆಯನ್ನು ಇಟ್ಟವರು, ಕಾರನ್ನು ಹಿಂದಿನಿಂದ ನೂಕಲು ಬಂದವರೂ ಸಹ, ತಿರುಗುವ ಚಕ್ರದ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ಸರಿದಿರಬೇಕು.